‘ಖಾತೆ’ಗೆ ಇಂಗ್ಲಿಷಿನಲ್ಲಿ ಏನು ಬರೆಯಲಿ?

ಪ್ರಶ್ನೆ: ಅಣ್ಣ ಅಮೆರಿಕದಲ್ಲಿದ್ದಾನೆ. ಅವನ ಅಲ್ಲಿನ ವಕೀಲರಿಗೆ ನಮ್ಮಪ್ಪನ ಅಫಿಡವಿಟ್ ಇಂಗ್ಲಿಷಿನಲ್ಲಿ ಬೇಕಂತೆ. ಅದರಲ್ಲಿ ಒಂದು ಸಾಲು: ‘ಸದರಿ ಸ್ವತ್ತಿನ ಖಾತೆಯು ನನ್ನ ಹೆಸರಿಗೆ ಬದಲಾವಣೆಯಾಗಿದ್ದು, ಕಂದಾಯ ಪಾವತಿಸಿಕೊಂಡು ಬಂದಿರುತ್ತೇನೆ.’ ನಾನು ‘ಅಕೌಂಟ್’ ಅಂತ ಹಾಕಿದೆ. ಸ್ನೇಹಿತ ನಕ್ಕು ‘ಟೈಟಲ್’ ಅಂತ ಬರಿ ಅಂದ. ಯಾವುದು ಸರಿ?

ಕೋರ್ಟ್ ಕಾಗದಗಳ ಅನುವಾದಕಿ: ಎರಡೂ ಬೇಡ. ‘ಅಕೌಂಟ್’ ಅಂದರೆ ಅಲ್ಲಿನವರು ಬ್ಯಾಂಕ್ ಅಂದುಕೊಳ್ಳುತ್ತಾರೆ, ನಗೆಪಾಟಲಾಗುತ್ತದೆ ಅಷ್ಟೆ. ಅಪಾಯ ಇರುವುದು ಸ್ನೇಹಿತರ ಮಾತಿನಲ್ಲಿ. ಟೈಟಲ್ ಅಂದರೆ ಮಾಲೀಕತ್ವದ ಹಕ್ಕು. ಖಾತೆ ಅಂದರೆ ಈ ಸ್ವತ್ತಿನ ತೆರಿಗೆ ಯಾರಿಂದ ವಸೂಲು ಮಾಡಬೇಕು ಅಂತ ಸರ್ಕಾರದ ಪುಸ್ತಕದಲ್ಲಿ ಬರೆದುಕೊಂಡಿರುವುದು. ಅಂಥ ನಮೂದು ತೆರಿಗೆ ವಸೂಲಿಗಷ್ಟೆ, ಅದರಿಂದ ಹಕ್ಕು ಹುಟ್ಟುವುದಿಲ್ಲ ಅಂತ ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ. ನಿಮ್ಮಪ್ಪ ಖಾತೆ ಆಗಿದೆ ಅಂದಿದ್ದಾರೆ, ನೀವು ಹಕ್ಕೇ ಬಂದಿದೆ ಅಂತ ಅವರ ಬಾಯಲ್ಲಿ ಹೇಳಿಸಿದಂತಾಗುತ್ತದೆ. ನಾಳೆ ಎದುರು ಪಕ್ಷದವರು ಎರಡು ಪ್ರತಿ ಪಕ್ಕಪಕ್ಕ ಇಟ್ಟರೆ ಉತ್ತರ ಕೊಡಬೇಕಾದವರು ಅವರು.

ನಾನು ಮೊದಲು ನೋಡುವುದು ಖಾತೆಯ ಅಕ್ಕಪಕ್ಕ ಏನಿದೆ ಅಂತ. ಸರ್ವೆ ನಂಬರು, ಎಕರೆ-ಗುಂಟೆ, ಎಂ.ಆರ್. ನಂಬರು ಇದ್ದರೆ ಅದು ಹೊಲದ ಮಾತು. ಅಲ್ಲಿ ‘ಖಾತೆ ಬದಲಾವಣೆ’ಗೆ ‘ಮ್ಯುಟೇಷನ್’ ಸಲೀಸಾಗಿ ಕೂರುತ್ತದೆ, ಕಂದಾಯ ಇಲಾಖೆಯವರ ಮಾತೂ ಅದೇ. ಸೈಟ್ ನಂಬರು, ಅಡಿ ಲೆಕ್ಕದ ಅಳತೆ, ವಾರ್ಡ್ ಇದ್ದರೆ ಪಟ್ಟಣದ ಸ್ವತ್ತು. ಅಲ್ಲಿ ‘ಖಾತಾ’ ಅಂತಲೇ ಉಳಿಸಿ, ಮೊದಲ ಸಲ ಬಂದಾಗ ಮಾತ್ರ ‘ನಗರಸಭೆಯ ಆಸ್ತಿ ತೆರಿಗೆ ಪುಸ್ತಕದಲ್ಲಿನ ನಮೂದು’ ಅನ್ನುವ ಅರ್ಥದ ಒಂದು ಸಾಲನ್ನು ಇಂಗ್ಲಿಷಿನಲ್ಲಿ ಸೇರಿಸುತ್ತೇನೆ. ನಿಮ್ಮ ಅಫಿಡವಿಟ್ಟಿನ ಷೆಡ್ಯೂಲಿನಲ್ಲಿ ಏನಿದೆ?

ಒಬ್ಬರು: ಇಷ್ಟೆಲ್ಲ ಯಾಕೆ? ಎಲ್ಲ ಕಡೆ ‘ಖಾತಾ’ ಅಂತ ಬಿಡಿ. ಬೆಂಗಳೂರಲ್ಲಿ ಎ ಖಾತಾ, ಬಿ ಖಾತಾ ಅಂದರೆ ಯಾವ ವಕೀಲರಿಗೆ ಗೊತ್ತಿಲ್ಲ?

ಅನುವಾದಕಿ: ಬೆಂಗಳೂರಿನ ವಕೀಲರಿಗಾದರೆ ನೀವು ಹೇಳಿದ್ದೇ ಸರಿ, ನಾನೂ ಹಾಗೇ ಬಿಡುತ್ತೇನೆ. ಇದನ್ನು ಓದುವವರು ಅಮೆರಿಕದಲ್ಲಿದ್ದಾರಲ್ಲ.

ಪತ್ರಿಕೆಯ ಡೆಸ್ಕಿನವ: ನಮ್ಮಲ್ಲಿ ‘ಖಾತೆ ಬದಲಾವಣೆ’ ಅಂದರೆ ಸಚಿವರ ಪೋರ್ಟ್‌ಫೋಲಿಯೊ ಬದಲಾಯಿತು ಅಂತ! ಇನ್ನು ಕ್ರೀಡಾ ಪುಟದಲ್ಲಿ ‘ಖಾತೆ ತೆರೆಯದೆ ಔಟಾದರು’ ಬಂದರೆ ‘ಔಟ್ ಫಾರ್ ಎ ಡಕ್’. ಬ್ಯಾಟ್ಸ್‌ಮನ್ನಿನ ಖಾತೆಗೆ ಇಂಗ್ಲಿಷಿನಲ್ಲಿ ಬಾತುಕೋಳಿ.

ಅನುವಾದಕಿ: ಡಕ್ ಚೆನ್ನಾಗಿದೆ. ಅಂಗಡಿಯಲ್ಲಿ ‘ಖಾತೆಗೆ ಬರ್ಕೊಳ್ಳಿ’ ಅನ್ನುತ್ತೇವಲ್ಲ, ಅದು ‘ಪುಟ್ ಇಟ್ ಆನ್ ಮೈ ಟ್ಯಾಬ್’. ಒಮ್ಮೆ ಸಾಕ್ಷಿಯೊಬ್ಬರ ಹೇಳಿಕೆಯಲ್ಲಿ ‘ತಮ್ಮ ಖಾತೆ ತೆಗೆದ’ ಅಂತ ಟೈಪಾಗಿತ್ತು. ಅಕೌಂಟ್ ತೆರೆದನೋ, ಹೆಸರು ತೆಗೆಸಿದನೋ ಅಂತ ಅರ್ಧ ದಿನ ತಲೆ ಕೆಡಿಸಿಕೊಂಡೆ. ಹಿಂದಿನ ಸಾಲು ಓದಿದರೆ ಬೇಲಿ ವಿಷಯಕ್ಕೆ ಬೈದಾಟ. ಆತ ಹೇಳಿದ್ದು ಕ್ಯಾತೆ!

ವಕೀಲರು: ಅನುವಾದಕಿ ಮೇಡಂ, ಮೂಲದಲ್ಲಿ ಇಲ್ಲದ ವಿವರಣೆ ಸೇರಿಸುವುದಕ್ಕೆ ನನ್ನ ಆಕ್ಷೇಪವಿದೆ. ಅದು ಅಫಿಡವಿಟ್ ಕೊಟ್ಟವರ ಮಾತಲ್ಲ. ಇನ್ನೊಂದು: ಹಕ್ಕು ಹುಟ್ಟುವುದಿಲ್ಲ ಅಂದ ಮಾತ್ರಕ್ಕೆ ನಮೂದಿಗೆ ಬೆಲೆಯೇ ಇಲ್ಲ ಅಂದುಕೊಳ್ಳಬಾರದು. ಹೊಲದ ದಾಖಲೆಯಾದರೆ 1964ರ ಭೂಕಂದಾಯ ಕಾಯ್ದೆಯ 133ನೇ ಕಲಂ ಪ್ರಕಾರ, ತಪ್ಪು ಅಂತ ಸಾಬೀತಾಗುವವರೆಗೆ ಅದನ್ನು ನಿಜವೆಂದೇ ಭಾವಿಸಬೇಕು.

ಅನುವಾದಕಿ: 133ರ ಮಾತು ಒಪ್ಪಿದೆ ಸರ್. ವಿವರಣೆಯನ್ನು ಚೌಕ ಕಂಸದಲ್ಲಿ, ‘ಅನುವಾದಕರ ಟಿಪ್ಪಣಿ’ ಅಂತ ಗುರುತಿಸಿಯೇ ಹಾಕುತ್ತೇನೆ.

ವಕೀಲರು: ಆದರೂ ನಾನಾದರೆ ಬೇರೆ ಹಾಳೆಯಲ್ಲಿ ಕೊಡಿ ಅನ್ನುತ್ತೇನೆ.

ಕೇಳಿದವರು: ಷೆಡ್ಯೂಲ್ ನೋಡಿದೆ ಮೇಡಂ. ಸರ್ವೆ ನಂಬರೂ ಇಲ್ಲ, ವಾರ್ಡೂ ಇಲ್ಲ. ‘ಗ್ರಾಮಠಾಣಾ ಮನೆ, ಗ್ರಾಮ ಪಂಚಾಯ್ತಿ ಖಾತೆ ನಂ. 47, ಪೂರ್ವ ಪಶ್ಚಿಮ 30 ಅಡಿ’ ಅಂತಿದೆ.

ಅನುವಾದಕಿ: ಹಾಗಾದರೆ ನಾನು ಹೇಳಿದ ಎರಡು ದಾರಿಯೂ ನಿಮಗಲ್ಲ. ಊರೊಳಗಿನ ಮನೆ, ಲೆಕ್ಕ ಇರುವುದು ಪಂಚಾಯ್ತಿಯಲ್ಲಿ. ‘ಮ್ಯುಟೇಷನ್’ ಹಾಕಿದರೆ ತಾಲ್ಲೂಕು ಕಚೇರಿಯಲ್ಲಿ ಹುಡುಕುತ್ತಾರೆ, ಸಿಗುವುದಿಲ್ಲ. ‘ಖಾತಾ’ ಉಳಿಸಿ, ಟಿಪ್ಪಣಿಯಲ್ಲಿ ನಗರಸಭೆಯ ಬದಲು ಗ್ರಾಮ ಪಂಚಾಯ್ತಿ ಅನ್ನಿ. ‘ಕಂದಾಯ’ಕ್ಕೂ ‘ಲ್ಯಾಂಡ್ ರೆವಿನ್ಯೂ’ ಬರೆಯಬೇಡಿ, ಇಲ್ಲಿ ಅದು ಮನೆ ಕಂದಾಯ, ‘ಪ್ರಾಪರ್ಟಿ ಟ್ಯಾಕ್ಸ್’. ರಸೀದಿ ಇದ್ದರೆ ಅದರ ತಲೆಬರಹ ಒಮ್ಮೆ ನೋಡಿಕೊಳ್ಳಿ.

ಕೇಳಿದವರು: ರಸೀದಿ ಅಮ್ಮನ ಟ್ರಂಕಿನಲ್ಲಿದೆ. ಭಾನುವಾರ ಊರಿಗೆ ಹೋಗಿ ನೋಡುತ್ತೇನೆ.