ಫ್ಲೋರೈಡ್ ಮೂಳೆ, ಮುರಿದ ಡ್ರಿಲ್ ಬಿಟ್: ಕೇಸ್ ರಿಪೋರ್ಟ್ ಬರೆಯೋದು ಹೇಗೆ?

ಆರ್ಥೋ ಪಿಜಿ, ದಾವಣಗೆರೆ

ನಮ್ಮ ಯೂನಿಟ್‌ಗೆ ಜಗಳೂರು ತಾಲ್ಲೂಕಿನ ರೈತರೊಬ್ಬರು ತೊಡೆ ಮೂಳೆ ಮುರಿದುಕೊಂಡು ಬಂದಿದ್ದರು. ಸೊಂಟದ ಕೀಲಿನ ಸ್ವಲ್ಪ ಕೆಳಗೆ ಫ್ರ್ಯಾಕ್ಚರ್. ಎಕ್ಸ್‌ರೇಯಲ್ಲಿ ಮೂಳೆಯೆಲ್ಲ ಸೀಮೆಸುಣ್ಣದ ಹಾಗೆ ಬೆಳ್ಳಗೆ. ನೇಲ್ ಹಾಕಲು ಹೋದಾಗ ರೀಮರ್ ಇಳಿಯಲಿಲ್ಲ, ಕೊನೆಗೆ ಪ್ಲೇಟ್ ಹಾಕಿದರು. ಒಂದು ಡ್ರಿಲ್ ಬಿಟ್ ತುದಿ ಮುರಿದು ಒಳಗೇ ಉಳಿದಿದೆ. ಸ್ಕೆಲಿಟಲ್ ಫ್ಲೋರೋಸಿಸ್ ಅಂತ ನಮ್ಮ ಅಂದಾಜು. ಇದನ್ನು ಜರ್ನಲ್‌ಗೆ ಕಳಿಸಬೇಕು ಅಂತಿದ್ದೇನೆ. ಎಲ್ಲಿಂದ ಶುರು ಮಾಡಲಿ? ಆಪರೇಷನ್ ಕನ್ಸೆಂಟ್ ಸಾಕಾ? ಎಥಿಕ್ಸ್ ಕಮಿಟಿಗೆ ಹೋಗಬೇಕಾ? ಬರೆದು ಅನುಭವ ಇರುವವರು ದಯವಿಟ್ಟು ಹೇಳಿ.

ಇನ್ನೊಬ್ಬ ಪಿಜಿ

ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಮುಖದ ಫೋಟೋ ಇಲ್ಲ, ಬರೀ ಎಕ್ಸ್‌ರೇ ಅಲ್ವಾ? ಹಾಗಾದರೆ ಬೇರೆ ಕನ್ಸೆಂಟ್ ಬೇಡ. ಒಂದೇ ಪೇಷಂಟ್ ಆದ್ದರಿಂದ ಎಥಿಕ್ಸ್ ಕಮಿಟಿಯೂ ಬೇಡ. ಎಕ್ಸ್‌ರೇ ಮೇಲಿನ ಹೆಸರನ್ನು ಪವರ್‌ಪಾಯಿಂಟ್‌ನಲ್ಲಿ ಕ್ರಾಪ್ ಮಾಡಿಬಿಡಿ. ಫಿಲ್ಮ್ ಅನ್ನು ಲೈಟ್ ಬಾಕ್ಸ್ ಮೇಲಿಟ್ಟು ಮೊಬೈಲ್‌ನಲ್ಲಿ ಮಾತ್ರ ತೆಗೆಯಬೇಡಿ. ರೇಡಿಯಾಲಜಿ ಕಂಪ್ಯೂಟರ್‌ನಿಂದಲೇ ಇಮೇಜ್ ತಗೊಳ್ಳಿ. ಟ್ಯೂಬ್‌ಲೈಟ್ ನೆರಳು ಬಿದ್ದ ಚಿತ್ರವನ್ನು ಜರ್ನಲ್‌ನವರು ವಾಪಸ್ ಕಳಿಸುತ್ತಾರೆ.

ಆರ್ಥೋ ಸರ್ಜನ್, ಚಿತ್ರದುರ್ಗ (ಕೇಸ್ ರಿಪೋರ್ಟ್ ರಿವ್ಯೂ ಮಾಡುವವರು)

ಇಮೇಜ್ ವಿಷಯದಲ್ಲಿ ಕೊನೆಯ ಮಾತು ಸರಿ. ಉಳಿದದ್ದಕ್ಕೆ ಆಮೇಲೆ ಬರುತ್ತೇನೆ. ಮೊದಲು ಬರವಣಿಗೆ.

ನಿಮ್ಮ ಕೇಸಿನಲ್ಲಿ ಹೊಸದು ಫ್ಲೋರೋಸಿಸ್ ಅಲ್ಲ. ನಮ್ಮ ಕಡೆ ಬೋರ್ ನೀರಿನಲ್ಲಿ ಫ್ಲೋರೈಡ್ ಇರೋದು ಹಳೇ ವಿಷಯ. "ಅಪರೂಪದ ಕಾಯಿಲೆ" ಅಂತ ಶುರು ಮಾಡಿದರೆ ರಿವ್ಯೂವರ್ ಮೊದಲ ಪ್ಯಾರಾದಲ್ಲೇ ಪೆನ್ ಕೆಳಗಿಡುತ್ತಾನೆ. ಓದುವ ಸರ್ಜನ್‌ಗೆ ಬೇಕಾಗಿರೋದು ಬೇರೆ. ನೇಲ್ ಇಳಿಯುವುದಿಲ್ಲ ಅಂತ ಥಿಯೇಟರ್‌ಗೆ ಹೋಗುವ ಮುಂಚೆಯೇ ತಿಳಿಯಬಹುದಿತ್ತಾ? ತಿಳಿದಿದ್ದರೆ ಏನು ಬದಲಾಗುತ್ತಿತ್ತು? ನಿಮ್ಮ ರಿಪೋರ್ಟ್ ಈ ಎರಡು ಪ್ರಶ್ನೆಗೆ ಉತ್ತರ ಆಗಬೇಕು. ಅದಕ್ಕೆ ಸಂಬಂಧ ಇಲ್ಲದ್ದನ್ನು ತೆಗೆಯಿರಿ.

ಇವತ್ತು ಸಂಜೆ ಒಂದು ಕೆಲಸ ಮಾಡಿ. ಆಪರೇಷನ್‌ಗೆ ಮುಂಚಿನ ಎಕ್ಸ್‌ರೇ ತೆಗೆದು, ತೊಡೆ ಮೂಳೆಯ ನಡುವೆ ಕೆನಾಲ್ ಎಲ್ಲಿ ಅತಿ ಸಣ್ಣದಾಗಿದೆಯೋ ಅಲ್ಲಿ ಎರಡೂ ವ್ಯೂನಲ್ಲಿ ಅಗಲ ಅಳೆಯಿರಿ. ನಿಮ್ಮ ಹತ್ತಿರ ಇದ್ದ ಅತಿ ತೆಳು ನೇಲ್ ಎಷ್ಟು ಮಿಲಿಮೀಟರ್ ಅಂತ ಪಕ್ಕದಲ್ಲಿ ಬರೆಯಿರಿ. ಆ ಎರಡು ಅಂಕಿಯೇ ನಿಮ್ಮ ಡಿಸ್ಕಷನ್‌ನ ಬೆನ್ನೆಲುಬು. ಬರೀ ಸೊಂಟದ ಎಕ್ಸ್‌ರೇ ಇದ್ದು ಪೂರ್ತಿ ಫೀಮರ್ ತೆಗೆದಿಲ್ಲದಿದ್ದರೆ ಅದನ್ನೂ ಹಾಗೇ ಬರೆಯಿರಿ. ಓದುವವರಿಗೆ ಅದೇ ಪಾಠ.

ಆಮೇಲೆ ಒಂದು ಹಾಳೆಯಲ್ಲಿ ತಾರೀಖಿನ ಸಾಲು ಹಾಕಿ. ಬಿದ್ದದ್ದು, ದಾಖಲಾದದ್ದು, ಟೆಸ್ಟ್, ಆಪರೇಷನ್, ಪ್ರತಿ ಫಾಲೋಅಪ್. ಪ್ರಿಂಟ್‌ಗೆ ಹೋಗುವಾಗ ನಿಜವಾದ ತಾರೀಖು ಬೇಡ, "ಮೂರನೇ ದಿನ", "ಆರನೇ ವಾರ" ಅಂತ ಮಾಡಿ. ಕೇಸ್ ರಿಪೋರ್ಟ್‌ಗೆಂದೇ ಇರುವ 2013ರ ಕೇರ್ ಗೈಡ್‌ಲೈನ್ ಚೆಕ್‌ಲಿಸ್ಟ್‌ನಲ್ಲಿ ಈ ಟೈಮ್‌ಲೈನ್ ಒಂದು ಪ್ರತ್ಯೇಕ ಅಂಶ. ಹೆಡ್ಡಿಂಗ್ ಎಲ್ಲ ಅದರಲ್ಲಿದೆ, ಇಲ್ಲಿ ಬರೆಯುವುದಿಲ್ಲ. ಕೇಸ್ ಭಾಗ ಮೊದಲು ಬರೆಯಿರಿ, ಡಿಸ್ಕಷನ್ ಆಮೇಲೆ, ಇಂಟ್ರೊಡಕ್ಷನ್ ಮತ್ತು ಅಬ್‌ಸ್ಟ್ರ್ಯಾಕ್ಟ್ ಕೊನೆಗೆ.

ಡಯಾಗ್ನೋಸಿಸ್ ಕಡೆ ಗಟ್ಟಿಯಾಗಿರಿ. "ಫ್ಲೋರೋಸಿಸ್ ಅಂದಾಜು" ಅಂತ ಬರೆದರೆ ಆಗಲ್ಲ. ವಯಸ್ಸಾದ ಗಂಡಸಿನ ಮೂಳೆ ಬೆಳ್ಳಗಿದ್ದರೆ ಮೊದಲು ಕೇಳುವುದು ಪ್ರಾಸ್ಟೇಟ್ ಕ್ಯಾನ್ಸರ್ ಹರಡಿದೆಯಾ ಅಂತ. ಪಿಎಸ್‌ಎ ಮಾಡಿದ್ದೀರಾ? ಕಿಡ್ನಿ ಕಾಯಿಲೆ ಇಲ್ಲ ಅಂತ ಕ್ರಿಯಾಟಿನಿನ್ ಇದೆಯಾ? ಆಸ್ಟಿಯೋಪೆಟ್ರೋಸಿಸ್ ಅಲ್ಲ ಅಂತ ಹೇಗೆ ಹೇಳುತ್ತೀರಿ? ಮುಂದೋಳಿನ ಒಂದು ಎಕ್ಸ್‌ರೇ ತೆಗೆಸಿ. ರೇಡಿಯಸ್ ಮತ್ತು ಅಲ್ನಾ ನಡುವಿನ ಪೊರೆಯಲ್ಲಿ ಮೂಳೆ ಕಟ್ಟಿದ್ದರೆ ಫ್ಲೋರೋಸಿಸ್ ಕಡೆಗೆ ದೊಡ್ಡ ಸುಳಿವು. ಮೂತ್ರದ ಫ್ಲೋರೈಡ್ ಮತ್ತು ಕುಡಿಯುವ ನೀರಿನ ಫ್ಲೋರೈಡ್ ಎರಡೂ ಬೇಕು. ನೀರಿಗೆ ನಮ್ಮ ದೇಶದ ಮಾನದಂಡ ಲೀಟರ್‌ಗೆ 1 ಮಿಲಿಗ್ರಾಂ, ಬೇರೆ ನೀರಿಲ್ಲದ ಕಡೆ 1.5ರವರೆಗೆ. ಒಂದು ಎಚ್ಚರಿಕೆ: ಈಗ ಅವರು ಘಟಕದ ಕ್ಯಾನ್ ನೀರು ಕುಡಿಯುತ್ತಿದ್ದರೆ ಮೂತ್ರದ ಫ್ಲೋರೈಡ್ ಇಳಿದಿರಬಹುದು. ಹಳೇ ಬೋರ್ ನೀರನ್ನು ಎಷ್ಟು ವರ್ಷ ಕುಡಿದರು ಅಂತ ಕೇಳಿ ಬರೆಯಿರಿ.

ಡ್ರಿಲ್ ಬಿಟ್ ಮುರಿದದ್ದನ್ನು ಮುಚ್ಚಬೇಡಿ, ಫಾಲೋಅಪ್ ಎಕ್ಸ್‌ರೇಯಲ್ಲಿ ಹೇಗೂ ಕಾಣುತ್ತದೆ. ಎಷ್ಟು ಬಿಟ್ ಬಳಸಿದಿರಿ, ಸಲೈನ್ ಹಾಕಿ ತಣ್ಣಗೆ ಮಾಡುತ್ತಾ ಕೊರೆದಿರಾ, ಮುರಿದ ತುದಿಯನ್ನು ಯಾಕೆ ತೆಗೆಯಲಿಲ್ಲ, ಇದೆಲ್ಲ ಬರಲಿ. ಇಂಥ ಮೂಳೆಗೆ ಕೈ ಹಾಕುವ ಮುಂದಿನ ಸರ್ಜನ್ ಹುಡುಕೋದು ಅದನ್ನೇ.

ಈಗ ಅದಕ್ಕಿಂತ ಮುಖ್ಯವಾದ ಪ್ರಶ್ನೆ. ತುದಿ ಒಳಗಿದೆ ಅಂತ ಪೇಷಂಟ್‌ಗೆ ಹೇಳಿದ್ದೀರಾ? ಡಿಸ್ಚಾರ್ಜ್ ಸಮರಿಯಲ್ಲಿ ಇದೆಯಾ? ಅವರಿಗೇ ಗೊತ್ತಿಲ್ಲದ ವಿಷಯವನ್ನು ಊರಿಗೆಲ್ಲ ಓದಲು ಕೊಡುವ ಹಾಗಿಲ್ಲ.

ಎಥಿಕ್ಸ್ ಕಮಿಟಿ ಸದಸ್ಯೆ, ಫಾರ್ಮಕಾಲಜಿ

ಸರ್ ಮಾತಿಗೆ ಮುಂದುವರಿಸುತ್ತೇನೆ. ಆಪರೇಷನ್ ಕನ್ಸೆಂಟ್ ಚಿಕಿತ್ಸೆಗೆ ಮಾತ್ರ. ಪ್ರಕಟಣೆಗೆ ಬೇರೆ ಕನ್ಸೆಂಟ್ ಬೇಕು. ಬರೀ ಎಕ್ಸ್‌ರೇ ಇದ್ದರೂ ಬಹಳ ಜರ್ನಲ್‌ಗಳು ಕೇಸ್ ರಿಪೋರ್ಟ್‌ಗೆ ಕೇಳುತ್ತವೆ. ಕೆಲವು ತಮ್ಮದೇ ಫಾರ್ಮ್ ಮೇಲೆ ಸಹಿ ಬೇಕು ಅನ್ನುತ್ತವೆ. ಅದಕ್ಕೇ ಜರ್ನಲ್ ಮೊದಲು ಆರಿಸಿ. ಇಲ್ಲದಿದ್ದರೆ ಒಂದು ಸಹಿಗಾಗಿ ಅವರನ್ನು ಮತ್ತೆ ಬಸ್ ಹತ್ತಿಸಬೇಕಾಗುತ್ತದೆ.

ಕನ್ಸೆಂಟ್ ಕನ್ನಡದಲ್ಲಿರಲಿ. ಅದರಲ್ಲಿ ಹೀಗೆ ನೇರವಾಗಿ ಬರೆಯಿರಿ: "ನಿಮ್ಮ ಹೆಸರು ಹಾಕುವುದಿಲ್ಲ. ಆದರೂ ನಿಮ್ಮನ್ನು ಬಲ್ಲವರು ಓದಿದರೆ ಇದು ನೀವೇ ಅಂತ ಗುರುತು ಹಿಡಿಯಬಹುದು. ಇಂಟರ್‌ನೆಟ್‌ನಲ್ಲಿ ಯಾರು ಬೇಕಾದರೂ ಓದಬಹುದು. ಒಪ್ಪದಿದ್ದರೆ ಚಿಕಿತ್ಸೆಯಲ್ಲಿ ಏನೂ ವ್ಯತ್ಯಾಸ ಆಗುವುದಿಲ್ಲ. ಪ್ರಕಟವಾಗುವ ಮುಂಚೆ ಯಾವಾಗ ಬೇಕಾದರೂ ಬೇಡ ಅನ್ನಬಹುದು, ಪ್ರಕಟವಾದ ಮೇಲೆ ವಾಪಸ್ ತೆಗೆಯುವುದು ಕಷ್ಟ." ಹೆಬ್ಬೆಟ್ಟು ಒತ್ತುವವರಾದರೆ ನಿಮ್ಮ ಯೂನಿಟ್‌ಗೆ ಸೇರದ ಒಬ್ಬ ಸಾಕ್ಷಿ ಪಕ್ಕದಲ್ಲಿರಬೇಕು, ಪೂರ್ತಿ ಓದಿದ್ದನ್ನು ಕೇಳಿಸಿಕೊಂಡು ಸಹಿ ಮಾಡಬೇಕು. ಬರೆದ ಡ್ರಾಫ್ಟ್ ಅನ್ನೂ ಅವರಿಗೆ ಕನ್ನಡದಲ್ಲಿ ಹೇಳಿ, ಎಕ್ಸ್‌ರೇ ತೋರಿಸಿ. ರೌಂಡ್ಸ್ ಮಧ್ಯೆ ಹತ್ತು ಜನ ಸುತ್ತ ನಿಂತಾಗ ಕೇಳಬೇಡಿ. ಆಗ ಯಾರೂ ಬೇಡ ಅನ್ನುವುದಿಲ್ಲ.

ಕಮಿಟಿ ವಿಷಯ. ಚಿಕಿತ್ಸೆಗೆಂದೇ ಮಾಡಿದ್ದನ್ನು ಆಮೇಲೆ ಬರೆಯುವ ಒಂದೇ ಕೇಸ್ ಸಾಮಾನ್ಯವಾಗಿ ಸಂಶೋಧನೆ ಅಂತ ಲೆಕ್ಕ ಇಲ್ಲ. ಆದರೆ ಜರ್ನಲ್ ಫಾರ್ಮ್‌ನಲ್ಲಿ ಅನುಮತಿ ಅಥವಾ ವಿನಾಯಿತಿ ಪತ್ರ ಕೇಳುವುದುಂಟು. ನಿಮ್ಮ ಕಾಲೇಜಿನ ನಿಯಮ ನೋಡಿ ಒಂದು ಪುಟದ ಅರ್ಜಿ ಕೊಡಿ. ಹಳೇ ತಾರೀಖು ಹಾಕಿ ಪತ್ರ ಕೊಡಿ ಅಂತ ಮಾತ್ರ ಯಾರನ್ನೂ ಕೇಳಬೇಡಿ. ಇನ್ನು, ಅವರ ಬೀದಿಯ ನಾಲ್ಕು ಮನೆಯವರ ಮೂತ್ರ, ಎಕ್ಸ್‌ರೇ ಅಂತ ಹೊರಟರೆ ಅದು ಸಂಶೋಧನೆ. ಮೊದಲೇ ಅನುಮತಿ ಬೇಕು. ಪೇಷಂಟ್ ಮನೆಯ ನೀರನ್ನು ಈಗ ಬರೀ ರಿಪೋರ್ಟ್‌ಗೋಸ್ಕರ ಪರೀಕ್ಷೆ ಮಾಡಿಸುವುದಾದರೂ ಕಮಿಟಿಗೆ ತಿಳಿಸುವುದು ಒಳ್ಳೆಯದು ಅನ್ನುತ್ತೇನೆ.

ಆರ್ಥೋ ಸರ್ಜನ್, ಚಿತ್ರದುರ್ಗ

ಕೊನೆಯದನ್ನು ಒಪ್ಪುವುದಿಲ್ಲ ಮೇಡಂ. ನೀರು ಪರೀಕ್ಷೆ ಅವರ ಡಯಾಗ್ನೋಸಿಸ್‌ನ ಭಾಗ. ಫಲಿತಾಂಶ ಬಂದರೆ ಆ ನೀರು ಬಿಡಿ ಅಂತ ಮನೆಯವರಿಗೆ ಹೇಳಬಹುದು. ಅದು ಚಿಕಿತ್ಸೆಯೇ.

ಪಿಜಿ ಮಿತ್ರರೇ, ಕ್ರಾಪ್ ಬಗ್ಗೆ. ಪವರ್‌ಪಾಯಿಂಟ್‌ನಲ್ಲಿ ಕ್ರಾಪ್ ಮಾಡಿದ ಭಾಗ ಕಣ್ಣಿಗೆ ಮರೆಯಾಗುತ್ತದೆ ಅಷ್ಟೇ, ಫೈಲ್ ಒಳಗೆ ಇರುತ್ತದೆ. ಫೈಲ್ ಸಿಕ್ಕವರು ಕ್ರಾಪ್ ಎಳೆದರೆ ಹೆಸರು, ಆಸ್ಪತ್ರೆ ನಂಬರ್ ಎಲ್ಲ ಮತ್ತೆ ಕಾಣುತ್ತದೆ. `Compress Pictures` ಒಳಗೆ `Delete cropped areas of pictures` ಟಿಕ್ ಮಾಡಬೇಕು. ಅದಕ್ಕಿಂತ ಒಳ್ಳೆಯದು, ಇಮೇಜ್ ಸಾಫ್ಟ್‌ವೇರ್‌ನಲ್ಲೇ ಕತ್ತರಿಸಿ ಹೊಸ ಫೈಲ್ ಆಗಿ ಉಳಿಸೋದು. ಕಣ್ಣಿಗೆ ಕಪ್ಪು ಪಟ್ಟಿ ಹಾಕಿದರೂ ಗುರುತು ಮುಚ್ಚುವುದಿಲ್ಲ, ಜರ್ನಲ್‌ಗಳು ಒಪ್ಪುವುದೂ ಇಲ್ಲ.

ಗುರುತು ಸಿಗುವುದು ಬರೀ ಮುಖದಿಂದ ಅಲ್ಲ. ತಾಲ್ಲೂಕು, ಕಸುಬು, ಫ್ರ್ಯಾಕ್ಚರ್, ಆಸ್ಪತ್ರೆ ಇಷ್ಟು ಸೇರಿದರೆ ಆ ಊರಿನವರಿಗೆ ಹೆಸರು ಬೇಕಿಲ್ಲ. ನಿಮ್ಮ ಪ್ರಶ್ನೆಯಲ್ಲೇ ತಾಲ್ಲೂಕಿನ ಹೆಸರಿದೆ, ದಯವಿಟ್ಟು ಇನ್ನು ಮುಂದೆ ಎಲ್ಲೂ ಬರೆಯಬೇಡಿ. ರಿಪೋರ್ಟ್‌ನಲ್ಲಿ "ಮಧ್ಯ ಕರ್ನಾಟಕದ ಫ್ಲೋರೈಡ್ ಪೀಡಿತ ಹಳ್ಳಿ" ಅಂದು ನೀರಿನ ಅಂಕಿ ಕೊಟ್ಟರೆ ಓದುವ ಡಾಕ್ಟರ್‌ಗೆ ಏನೂ ಕಮ್ಮಿ ಆಗುವುದಿಲ್ಲ. ಆದರೆ ಗುರುತು ಮರೆಸಲು ವಯಸ್ಸು, ಬಲಗಾಲು ಎಡಗಾಲು ಬದಲಾಯಿಸಬೇಡಿ. ಅದು ಸುಳ್ಳು ದಾಖಲೆ ಆಗುತ್ತದೆ.

ಜಗಳೂರು ಕಡೆಯವರು, ಡಾಕ್ಟರ್ ಅಲ್ಲ

ನಮ್ಮ ಅಪ್ಪಾಜಿಗೂ ಹೀಗೇ. ಕತ್ತು ತಿರುಗಲ್ಲ, ಬೆನ್ನು ಬಾಗಿದೆ, ಕೂತರೆ ಏಳಕ್ಕಾಗಲ್ಲ. ಮೊದಲು ಬೋರ್ ನೀರೇ ಕುಡಿಯುತ್ತಿದ್ದೆವು. ಇದಕ್ಕೆ ಆಪರೇಷನ್ ಮಾಡಿದರೆ ಸರಿ ಹೋಗುತ್ತಾ? ಇನ್ನೊಂದು ಮಾತು. ನೀವು ಊರ ಹೆಸರು ಮುಚ್ಚಿ ಅಂತೀರಿ. ನಮ್ಮಂಥವರು ಕೆಲವರು ಊರ ಹೆಸರು ಬರಲಿ ಅಂತಲೇ ಇರುತ್ತೇವೆ. ಹೆಸರು ಬಂದರೆ ಕೆಟ್ಟು ನಿಂತ ನೀರಿನ ಘಟಕವನ್ನಾದರೂ ಯಾರಾದರೂ ನೋಡುತ್ತಾರೆ.

ಆರ್ಥೋ ಸರ್ಜನ್, ಚಿತ್ರದುರ್ಗ

ಬಾಗಿದ ಬೆನ್ನು, ಹಿಡಿದ ಕತ್ತಿಗೆ ಆಪರೇಷನ್‌ನಿಂದ ಮೊದಲಿನ ಹಾಗೆ ಆಗುವುದಿಲ್ಲ ಅಣ್ಣಾ. ಆದರೆ ಕಾಲಿನಲ್ಲಿ ಶಕ್ತಿ ಕಮ್ಮಿಯಾಗುತ್ತಿದ್ದರೆ, ನಡಿಗೆ ತೊಡರುತ್ತಿದ್ದರೆ, ಮೂತ್ರದ ಹಿಡಿತ ತಪ್ಪುತ್ತಿದ್ದರೆ ಬೇಗ ತೋರಿಸಿ. ಬೆನ್ನುಹುರಿ ಒತ್ತಿರಬಹುದು, ಅದಕ್ಕೆ ಆಪರೇಷನ್ ಬೇಕಾಗುವುದುಂಟು. ನೀರು ಮಾತ್ರ ಇವತ್ತೇ ಬದಲಾಯಿಸಿ.

ಊರ ಹೆಸರಿನ ಬಗ್ಗೆ ನೀವು ಹೇಳಿದ್ದು ನ್ಯಾಯವೇ. ಆದರೆ ಒಬ್ಬರ ಕನ್ಸೆಂಟ್ ಇಡೀ ಊರಿನ ಕನ್ಸೆಂಟ್ ಅಲ್ಲ. ಹೆಣ್ಣು ಕೊಡುವಾಗ, ತರುವಾಗ ಈ ಮಾತು ಬರುತ್ತದೆ ಅಂತ ನಮ್ಮ ಒಪಿಡಿಯಲ್ಲೇ ಹೇಳಿದವರಿದ್ದಾರೆ. ಕೇಸ್ ರಿಪೋರ್ಟ್‌ನಲ್ಲಿ ಊರು ಬೇಡ. ನೀರಿನ ಪರೀಕ್ಷೆ ಫಲಿತಾಂಶವನ್ನು ಪಂಚಾಯ್ತಿಗೂ ಆರೋಗ್ಯ ಇಲಾಖೆಗೂ ಬೇರೆಯಾಗಿ ಕೊಡಲಿ.

ಎಥಿಕ್ಸ್ ಕಮಿಟಿ ಸದಸ್ಯೆ, ಫಾರ್ಮಕಾಲಜಿ

ಪೇಷಂಟ್ ತಾವಾಗಿಯೇ ಊರ ಹೆಸರು ಬೇಕು ಅಂದರೆ ಏನು ಮಾಡಬೇಕು ಅನ್ನುವುದು ನನಗಿನ್ನೂ ತೆರೆದ ಪ್ರಶ್ನೆ ಸರ್. ಕೇರ್ ಚೆಕ್‌ಲಿಸ್ಟ್‌ನಲ್ಲಿ ಪೇಷಂಟ್ ಮಾತಿಗೇ ಒಂದು ಜಾಗ ಇದೆ. ಅಲ್ಲಿ ಅವರು ನೀರಿನ ಬಗ್ಗೆ ಹೇಳಿದ್ದನ್ನು ಊರ ಹೆಸರಿಲ್ಲದೆ ಅವರ ಮಾತಲ್ಲೇ ಹಾಕಬಹುದು. ಅಷ್ಟು ಸಾಕೋ ಇಲ್ಲವೋ ಅಂತ ಅವರನ್ನೇ ಕೇಳಬೇಕು.

ಆರ್ಥೋ ಪಿಜಿ, ದಾವಣಗೆರೆ

ಎಲ್ಲರಿಗೂ ಧನ್ಯವಾದ. ತುದಿ ಉಳಿದ ವಿಷಯ ಆಪರೇಷನ್ ನೋಟ್‌ನಲ್ಲಿ ಇದೆ, ಡಿಸ್ಚಾರ್ಜ್ ಸಮರಿಯಲ್ಲಿ ಇಲ್ಲ. ಪೇಷಂಟ್‌ಗೆ ಹೇಳಿದ್ದಾರಾ ಅಂತ ನಮ್ಮ ಯೂನಿಟ್‌ನ ಸರ್ ಅವರನ್ನು ಕೇಳುತ್ತೇನೆ. ಪಿಎಸ್‌ಎ ನಾರ್ಮಲ್, ಕ್ರಿಯಾಟಿನಿನ್ ಕೂಡ. ಮುಂದೋಳಿನ ಎಕ್ಸ್‌ರೇ ಆಗಿಲ್ಲ. ಈಗ ಮೂರು ತಿಂಗಳಾಗಿದೆ, ಮೂಳೆ ಪೂರ್ತಿ ಕೂಡಿಲ್ಲ. ಈಗಲೇ ಕಳಿಸಬಹುದಾ? ಆಥರ್ ಲಿಸ್ಟ್‌ನಲ್ಲಿ ಎಲ್ಲ ಯೂನಿಟ್ ಚೀಫ್‌ಗಳ ಹೆಸರೂ ಹಾಕಬೇಕಾ?

ಆರ್ಥೋ ಸರ್ಜನ್, ಚಿತ್ರದುರ್ಗ

ಈಗ ಕಳಿಸಬೇಡಿ. ಮೂಳೆ ಕೂಡಿತೋ, ಪ್ಲೇಟ್ ಮುರಿಯಿತೋ ಅಂತ ಗೊತ್ತಿಲ್ಲದೆ ನಿಮ್ಮ ರಿಪೋರ್ಟ್‌ಗೆ ಕೊನೆಯೇ ಇಲ್ಲ. ಇಂಥ ಮೂಳೆಗೆ ನಾನು ಒಂದು ವರ್ಷದ ಎಕ್ಸ್‌ರೇ ಕೇಳುತ್ತೇನೆ, ಬೇರೆ ರಿವ್ಯೂವರ್ ಆರು ತಿಂಗಳಿಗೆ ಒಪ್ಪಿಯಾರು. ಹೆಸರು ಹಾಕುವವರು ಕೇಸಿನಲ್ಲೂ ಬರವಣಿಗೆಯಲ್ಲೂ ನಿಜವಾಗಿ ಕೆಲಸ ಮಾಡಿರಬೇಕು, ಕೊನೆಯ ಡ್ರಾಫ್ಟ್ ಓದಿ ಒಪ್ಪಿರಬೇಕು, ಪ್ರಶ್ನೆ ಬಂದರೆ ಉತ್ತರ ಕೊಡುವ ಜವಾಬ್ದಾರಿ ಹೊರಬೇಕು. ಉಳಿದವರಿಗೆ ಕೃತಜ್ಞತೆಯ ಸಾಲು ಇದೆ. ಮುಂದಿನ ಫಾಲೋಅಪ್‌ಗೆ ಅವರು ಬಂದಾಗ ಮುಂದೋಳಿನ ಎಕ್ಸ್‌ರೇ ತೆಗೆಸಿ. ಡಿಸ್ಚಾರ್ಜ್ ಸಮರಿ ತಿದ್ದಿ ಹೊಸದು ಕೈಗೆ ಕೊಡಿ. ಕನ್ಸೆಂಟ್ ಮಾತು ಅದಾದ ಮೇಲೆ ಎತ್ತಿ.