ನಾವು ಐದೇ ಫೌಲ್ ಎಣಿಸಿದ್ದು, ರೆಫರಿ ಆರು ಅಂದರು

ಶಿರಾ ಗೇಟ್ ಹುಡುಗ, ತುಮಕೂರು: ನಾವು ದೊಡ್ಡ ಮೈದಾನದ ಫುಟ್‌ಬಾಲ್ ಆಡೋರು. ಮೊನ್ನೆ ಐದೈದು ಜನ ಆಡೋ ಫುಟ್ಸಾಲ್‌ನಲ್ಲಿ ನಡುಗೆರೆ ಹತ್ತಿರ ಜರ್ಸಿ ಎಳೆದಿದ್ದಕ್ಕೆ ಆರನೇ ಫೌಲ್ ಅಂದರು. ಎದುರಾಳಿಗೆ 10 ಮೀಟರಿನಿಂದ ಕಿಕ್, ನಮಗೆ ಗೋಡೆ ಕಟ್ಟಲೂ ಬಿಡಲಿಲ್ಲ. ವಿಸಲ್ ಆಗಿದ್ದು ಐದೇ ಸಲ. ಚೆಂಡಿಗೂ ಗಾಳಿ ಇರಲಿಲ್ಲ.

ಗುಬ್ಬಿಯವರು: ಆರನೇ ಫೌಲ್ ಅಂದ್ರೆ ಪೆನಾಲ್ಟಿನೇ ಅಲ್ವಾ? 6 ಮೀಟರಿನಿಂದ ಹೊಡೀಬೇಕಿತ್ತು.

ಫುಟ್ಸಾಲ್ ರೆಫರಿ: ಗುಬ್ಬಿಯವರು ಹೇಳಿದ್ದು ಅರ್ಧ ಸರಿ. 6 ಮೀಟರ್ ಇರುವುದು ಪೆನಾಲ್ಟಿ ಏರಿಯಾದೊಳಗಿನ ಫೌಲ್‌ಗೆ. ಒಂದು ತಂಡದ ಆರನೇ ಫೌಲ್ ಆ ಏರಿಯಾದ ಹೊರಗೆ ಆದರೆ 10 ಮೀಟರ್ ಗುರುತಿನಿಂದ ಕಿಕ್. ಫೌಲ್ ಅದಕ್ಕಿಂತ ಗೋಲ್‌ಗೆ ಹತ್ತಿರ ಆಗಿದ್ದರೆ, ಆದ ಜಾಗದಿಂದಲೇ ಹೊಡೆಯಬಹುದು. ಆರನೇ ಫೌಲ್‌ನ ಈ ಕಿಕ್ ಎಲ್ಲಿಂದ ಹೊಡೆದರೂ ಗೋಡೆ ಇಲ್ಲ, ಗೋಲಿ ಚೆಂಡಿನಿಂದ 5 ಮೀಟರ್ ದೂರ ನಿಲ್ಲಬೇಕು. ಹೊಡೆಯುವವರು ಗೋಲ್‌ಗೇ ಹೊಡೆಯಬೇಕು, ಪಾಸ್ ಕೊಡುವ ಹಾಗಿಲ್ಲ.

ಇನ್ನು ಆ ಒಂದು ಫೌಲ್ ಎಲ್ಲಿಂದ ಬಂತು? ನಿಮ್ಮವರು ಯಾರೋ ತಳ್ಳಿದಾಗಲೂ ಚೆಂಡು ಎದುರಾಳಿ ಕಾಲಲ್ಲೇ ಉಳಿದಿರಬೇಕು. ಆಗ ರೆಫರಿ ಅಡ್ವಾಂಟೇಜ್ ಕೊಟ್ಟು ಆಟ ಬಿಡುತ್ತಾರೆ. ವಿಸಲ್ ಇಲ್ಲ, ಆದರೆ ಫೌಲ್ ಲೆಕ್ಕಕ್ಕೆ ಸೇರುತ್ತದೆ. ಚೆಂಡು ಹೊರಗೆ ಹೋದ ಮೇಲೆ ಫೌಲ್ ಲೆಕ್ಕ ಇಡುವ ಮೇಜಿನವರಿಗೆ ಕೈಸನ್ನೆ ಮಾಡುತ್ತಾರೆ. ಐದಾದ ತಕ್ಷಣ ಮೇಜಿನ ಮೇಲೆ ನಿಮ್ಮ ತಂಡದ ಕಡೆ ಒಂದು ಗುರುತು ಇಡುತ್ತಾರೆ. ನೋಡಬೇಕಾದ್ದು ಅದನ್ನ, ವಿಸಲ್ ಎಣಿಸಿದರೆ ತಪ್ಪುತ್ತದೆ.

ತಳ್ಳುವುದು, ಎಳೆಯುವುದು, ಕಾಲು ಕೊಡುವುದು, ಕೈಗೆ ಚೆಂಡು, ಎಲ್ಲವೂ ಸೇರುತ್ತವೆ. ಇನ್‌ಡೈರೆಕ್ಟ್ ಕಿಕ್‌ನವು ಸೇರುವುದಿಲ್ಲ. ಹಾಫ್ ಟೈಮ್‌ಗೆ ಮತ್ತೆ ಸೊನ್ನೆ. ಹೊರಗಿನ ಫುಟ್‌ಬಾಲ್‌ನಲ್ಲಿ ನಡುವೆ ಸುಮ್ನೆ ಜರ್ಸಿ ಎಳೆದರೆ ಒಂದು ಫ್ರೀ ಕಿಕ್‌ಗೆ ಮುಗಿಯುತ್ತಿತ್ತು. ಆ ಚಾಳಿ ಇಲ್ಲಿ ದುಬಾರಿ.

ಚೆಂಡಿನಲ್ಲಿ ಗಾಳಿ ಇತ್ತು ಅನ್ಸುತ್ತೆ. ಫುಟ್ಸಾಲ್‌ದು ನಾಲ್ಕನೇ ಸೈಜ್, ಪುಟಿಯಬಾರದು ಅಂತಲೇ ಮಾಡಿದ್ದು. 2 ಮೀಟರ್ ಎತ್ತರದಿಂದ ಬಿಟ್ಟರೆ 50ರಿಂದ 65 ಸೆಂಟಿಮೀಟರ್ ಏಳಬೇಕು. ಗೋಡೆಗೆ ಟೇಪ್ ಹಚ್ಚಿ ನೋಡಿ. ಸುಮ್ನೆ ಪಂಪ್ ಹೊಡೆಯಬೇಡಿ.

ಕೋಲಾರದಿಂದ ಒಬ್ಬ ತಂದೆ: ನಮ್ಮ ಹುಡುಗ ಟರ್ಫ್‌ನಲ್ಲಿ ಐದೈದು ಜನ ಆಡ್ತಾನೆ. ಸೈಡ್ ಲೈನಿಂದ ಒದ್ದು ನೇರ ಗೋಲ್ ಹಾಕಿದ, ಕೊಡಲಿಲ್ಲ. ಇದೂ ಫೌಲ್ ಲೆಕ್ಕನಾ?

ಫುಟ್ಸಾಲ್ ರೆಫರಿ: ಇಲ್ಲ ಸರ್, ಅದು ಬೇರೆ. ಕಿಕ್-ಇನ್‌ನಿಂದ ನೇರ ಗೋಲ್ ಇಲ್ಲ, ಚೆಂಡು ಎದುರಾಳಿ ಗೋಲಿಯ ಕೈಗೆ ಸಿಗುತ್ತದೆ. ಯಾರಿಗಾದರೂ ತಾಗಿ ಒಳಗೆ ಹೋದರೆ ಗೋಲ್. ಚೆಂಡು ಗೆರೆ ಮೇಲೆ ನಿಂತಿರಬೇಕು, ಸಿದ್ಧವಾದ ಮೇಲೆ 4 ಸೆಕೆಂಡಲ್ಲಿ ಒದೆಯಬೇಕು. ತಡವಾದರೆ ಕಿಕ್-ಇನ್ ಎದುರಾಳಿಗೆ.

ಶಿರಾ ಗೇಟ್ ಹುಡುಗ: ಅಡ್ವಾಂಟೇಜ್ ಒಂದು ಸಲ ಕೊಟ್ಟಿದ್ದು ನೆನಪಿದೆ ಸರ್. ಆದರೆ ನಮ್ಮ ಮೇಜಿನಲ್ಲಿ ಗುರುತೇ ಇಟ್ಟಿರಲಿಲ್ಲ.

ಫುಟ್ಸಾಲ್ ರೆಫರಿ: ಅದು ಮೇಜಿನವರ ತಪ್ಪು. ಆದರೂ ಫೌಲ್ ರದ್ದಾಗೋದಿಲ್ಲ. ಮುಂದಿನ ಮ್ಯಾಚಿಗೆ ಮೊದಲೇ ಕೇಳಿಟ್ಟುಕೊಳ್ಳಿ. ಊರ ಟರ್ಫ್‌ಗಳಲ್ಲಿ ಕೆಲವರು ಫೌಲ್ ಎಣಿಸೋದೇ ಇಲ್ಲ.