ಎಂ3 ತೂತಿಗೆ 3.4 ಕೊಟ್ಟರೂ ಬೋಲ್ಟು ಇಳಿಯುತ್ತಿಲ್ಲ

ಸುಹಾಸ್: ಓಪನ್‌ಸ್ಕ್ಯಾಡ್‌ನಲ್ಲಿ ನೀಮಾ 17 ಮೋಟರಿಗೆ ಬ್ರಾಕೆಟ್ ಬರೆದು 3ಡಿ ಪ್ರಿಂಟ್ ಮಾಡಿದ್ದೇನೆ. ಎಂ3 ಬೋಲ್ಟಿಗೆ `cylinder(d=3.4, h=10)` ಎಂದು ತೂತು ಕೊಟ್ಟೆ, ಬೋಲ್ಟು ಇಳಿಯುತ್ತಲೇ ಇಲ್ಲ. ಅದೇ ಬ್ರಾಕೆಟ್‌ನಲ್ಲಿ ಎಂ8 ತೂತಿಗೆ 9 ಕೊಟ್ಟಿದ್ದೆ, ಅದು ಸಲೀಸು. ನಟ್ಟಿನ ಗುಳಿಗೆ `cylinder(d=5.5, h=2.6, $fn=6)` ಕೊಟ್ಟೆ, ನಟ್ಟೂ ಕೂರುತ್ತಿಲ್ಲ. ಪ್ರಿಂಟರ್ ಕೆಟ್ಟಿದೆಯಾ?

ಕಿಟ್ಟಿ: ಕೆಟ್ಟಿಲ್ಲ ಗುರು. ಪ್ರಿಂಟ್ ಮಾಡಿದ ತೂತು ಯಾವಾಗಲೂ ಸ್ವಲ್ಪ ಚಿಕ್ಕದೇ ಬರುತ್ತದೆ. ಸ್ಲೈಸರ್‌ನಲ್ಲಿ 103% ಹಿಗ್ಗಿಸಿಬಿಡಿ. ನಾನು ಎಲ್ಲದಕ್ಕೂ ಅದನ್ನೇ ಮಾಡುವುದು.

ಲೇತ್ ಮಾಮ: ಕಿಟ್ಟಿ, ತೂತು ಚಿಕ್ಕದಾಗುವುದು ನಿಜ. ಮದ್ದು ಮಾತ್ರ ತಪ್ಪು. ಆ ಮೋಟರಿನ ತೂತುಗಳ ನಡುವಿನ ಅಂತರ 31 ಮಿ.ಮೀ. 103% ಮಾಡಿದರೆ ಹೆಚ್ಚುಕಡಿಮೆ 32 ಆಗುತ್ತದೆ. ಆಮೇಲೆ ಒಂದು ಬೋಲ್ಟು ಹಾಕಿದರೆ ಇನ್ನೊಂದು ಸಿಗುವುದಿಲ್ಲ.

ಸುಹಾಸ್, ಎಂ8 ಹೋಗಿ ಎಂ3 ಹೋಗದಿರುವುದರಲ್ಲೇ ಉತ್ತರ ಇದೆ. ಪರದೆಯಲ್ಲಿ ಆ ತೂತನ್ನು ನೇರ ಮೇಲಿಂದ ನೋಡಿ, ಮೂಲೆ ಎಣಿಸಿ. `$fn` ಕೊಡದಿದ್ದರೆ ಓಪನ್‌ಸ್ಕ್ಯಾಡ್ ಒಂದೊಂದು ಬದಿಯನ್ನೂ ಸುಮಾರು 2 ಮಿ.ಮೀ. ಉದ್ದಕ್ಕೆ ಎಳೆಯುತ್ತದೆ. ನಿಮ್ಮ 3.4ರ ತೂತಿಗೆ ಸಿಗುವುದು ಆರೇ ಬದಿ. ಅಳತೆ ಮೂಲೆಯಿಂದ ಮೂಲೆಗೆ 3.4, ಆದರೆ ಎದುರುಬದುರು ಬದಿಗಳ ನಡುವೆ ಬರೀ 2.94. ಅದರಲ್ಲಿ 3ರ ಬೋಲ್ಟು ಹೇಗೆ ಹೋಗಬೇಕು? 9ರ ತೂತಿಗೆ ಹದಿನೈದು ಬದಿ ಬಿದ್ದು ಸುಮಾರು 8.8 ಉಳಿಯುತ್ತದೆ, ಹಾಗಾಗಿ ಅದು ಬಚಾವ್.

ನಟ್ಟಿನದ್ದೂ ಇದೇ ಕಥೆ. ಎಂ3 ನಟ್ಟಿನ 5.5 ಎನ್ನುವುದು ಪಾನಾ ಹಿಡಿಯುವ ಬದಿಗಳ ನಡುವಿನ ಅಳತೆ. ನೀವು ಅದನ್ನು ಮೂಲೆಗಳಿಗೆ ಕೊಟ್ಟಿದ್ದೀರಿ. ಹೀಗೆ ಬರೆಯಿರಿ:

```
module tootu(d, h, n=48)
  cylinder(d=d/cos(180/n), h=h, $fn=n);
module gundi(f, h)
  cylinder(d=f/cos(30), h=h, $fn=6);
```

`tootu(3.4, 10)` ಮತ್ತು `gundi(5.7, 2.6)` ಕೊಟ್ಟು ನೋಡಿ. 5.7ರಲ್ಲಿ 0.2 ಸಡಿಲು ಸೇರಿದೆ.

ಪಲ್ಲವಿ: ನನ್ನದೂ ಇದೇ ಸಮಸ್ಯೆ! ನಾನು ಎಂ8 ಬೋಲ್ಟನ್ನೇ ಪ್ರಿಂಟ್ ಮಾಡಿದೆ, ಥ್ರೆಡ್ ಸಮೇತ. ಕಬ್ಬಿಣದ ನಟ್ಟು ಬಿಗಿ ಎಂದು ಹಿಗ್ಗಿಸಿ, ಕುಗ್ಗಿಸಿ ಎಲ್ಲಾ ನೋಡಿದೆ. ಈಗ 97% ಇದೆ. ಎರಡು ಸುತ್ತು ಚೆನ್ನಾಗಿ ಹೋಗಿ ಆಮೇಲೆ ಕಚ್ಚಿಕೊಳ್ಳುತ್ತದೆ.

ಲೇತ್ ಮಾಮ: ಇದು ಬೇರೆ ರೋಗ ಕಣಮ್ಮ. ಎಂ8ರ ಪಿಚ್, ಅಂದರೆ ಒಂದು ಥ್ರೆಡ್‌ನಿಂದ ಮುಂದಿನದಕ್ಕೆ ಇರುವ ಅಂತರ, 1.25. ಇಡೀ ಬೋಲ್ಟನ್ನು 97% ಮಾಡಿದಾಗ ಎತ್ತರವೂ ಕುಗ್ಗಿತು, ಪಿಚ್ 1.21 ಆಯಿತು. ಒಂದು ಸುತ್ತಿನಲ್ಲಿ ಗೊತ್ತಾಗುವುದಿಲ್ಲ. ನಟ್ಟಿನೊಳಗೆ ಐದು ಸುತ್ತು ಸೇರುವಷ್ಟರಲ್ಲಿ ವ್ಯತ್ಯಾಸ 0.2 ಹತ್ತಿರ ಬರುತ್ತದೆ, ಥ್ರೆಡ್ ಮೇಲೆ ಥ್ರೆಡ್ ಹತ್ತುತ್ತದೆ. ಮೊದಲ ಸುತ್ತಿನಿಂದಲೇ ಬಿಗಿ ಇದ್ದರೆ ದಪ್ಪದ ತಪ್ಪು. ಹೋಗ್ತಾ ಹೋಗ್ತಾ ಬಿಗಿಯಾದರೆ ಮೊದಲು ಪಿಚ್ ಮೇಲೆ ಅನುಮಾನ ಪಡಬೇಕು. ಪಿಚ್ ಮುಟ್ಟಬೇಡಿ. ಥ್ರೆಡ್‌ನ ವ್ಯಾಸವನ್ನಷ್ಟೇ 0.3ರಿಂದ 0.4 ಇಳಿಸಿ.

ಸುಹಾಸ್: ಮಾಮ, ಆರು ಮೂಲೆ ನಿಜ! ಹಾಗಾದರೆ ಎಂ3ಗೂ ಥ್ರೆಡ್ ಬರೆದುಬಿಟ್ಟರೆ ನಟ್ಟೇ ಬೇಡ ಅಲ್ವಾ?

ಲೇತ್ ಮಾಮ: ಬೇಡ. ಪಿಚ್ 0.5, ನಿಮ್ಮ ಲೇಯರ್ 0.2. ಒಂದು ಥ್ರೆಡ್‌ಗೆ ಎರಡೂವರೆ ಲೇಯರ್. ಆಳವೋ 0.3 ಮಿ.ಮೀ., ನಾಝಲ್ಲೇ 0.4. ಬರುವುದು ಬರೀ ಗೀರು.

ಕಿಟ್ಟಿ: ನಟ್ಟು ಬೇಡವೆಂದರೆ 2.5ರ ಸಾದಾ ತೂತು ಬಿಟ್ಟು ಟ್ಯಾಪ್ ಹೊಡೆಯಿರಿ. ಇದಂತೂ ಸರಿ ತಾನೇ?

ಲೇತ್ ಮಾಮ: ಸರಿ. ಸುತ್ತ ಗೋಡೆ ಮೂರ್ನಾಲ್ಕು ಸುತ್ತು ಇರಲಿ, ಇಲ್ಲದಿದ್ದರೆ ಟ್ಯಾಪ್ ಒಳಗಿನ ಜಾಲರಿಗೆ ನುಗ್ಗುತ್ತದೆ. ಪದೇ ಪದೇ ಬಿಚ್ಚುವ ಜಾಗವಾದರೆ ನಟ್ಟೇ ಒಳ್ಳೆಯದು.

ರೆಹಾನಾ: ಹಿತ್ತಾಳೆ ಇನ್‌ಸರ್ಟ್ ಯಾರೂ ಹೇಳಲೇ ಇಲ್ಲ. ಸೋಲ್ಡರಿಂಗ್ ಐರನ್‌ನಿಂದ ಬಿಸಿ ಮಾಡಿ ಒತ್ತಿದರೆ ಮುಗಿಯಿತು. ಇನ್ನೊಂದು ಮಾತು, ತೂತಿನ ಸಡಿಲನ್ನು ಮಾಡೆಲ್‌ನಲ್ಲಿ ಯಾಕೆ ತುಂಬುತ್ತೀರಿ? ಸ್ಲೈಸರ್‌ನಲ್ಲಿ ತೂತಿಗಷ್ಟೇ ತಿದ್ದುಪಡಿ ಕೊಡಬಹುದು. ಪ್ರಿಂಟರ್ ಬದಲಾದರೆ ಅಲ್ಲಿ ಬದಲಿಸಿದರೆ ಸಾಕು.

ಲೇತ್ ಮಾಮ: ಫೈಲ್ ಬೇರೆಯವರ ಕೈಗೆ ಹೋದಾಗ ನಿಮ್ಮ ಸ್ಲೈಸರ್ ಸೆಟ್ಟಿಂಗ್ ಜೊತೆಗೆ ಹೋಗುವುದಿಲ್ಲವಲ್ಲ.

ರೆಹಾನಾ: ನಿಮ್ಮ ಪ್ರಿಂಟರಿನ ತಪ್ಪನ್ನು ಫೈಲಿನೊಳಗೆ ಸೇರಿಸಿ ಅವರಿಗೆ ಕಳಿಸುವುದು ಮಾತ್ರ ಸರಿಯಾ? ನಾನು ಒಪ್ಪುವುದಿಲ್ಲ.

ಸುಹಾಸ್: ಹೊಸದಾಗಿ ಪ್ರಿಂಟ್ ತೆಗೆದೆ. ನಟ್ಟು ಹೆಬ್ಬೆರಳಲ್ಲಿ ಒತ್ತಿದರೆ ಕೂರುತ್ತದೆ. ಬೋಲ್ಟು ಮೇಲಿಂದ ಹಾಕಿದರೆ ಪೂರ್ತಿ ಇಳಿದು ಕೊನೆಯಲ್ಲಿ ತಡೆಯುತ್ತದೆ. ಬೆಡ್‌ಗೆ ಅಂಟಿದ್ದ ಕಡೆಯಿಂದ ಹಾಕಿದರೆ ಬಾಯಲ್ಲೇ ನಿಲ್ಲುತ್ತದೆ.

ಪಲ್ಲವಿ: ಅದು ಮೊದಲ ಲೇಯರ್ ಅಮುಕಿ ಒಳಗೆ ಹರಡಿರುವುದು. ಬ್ಲೇಡಿನಲ್ಲಿ ಕೆರೆದುಬಿಡಿ. ಮುಂದಿನ ಸಲ ತೂತಿನ ಬಾಯಿಗೆ ಅರ್ಧ ಮಿ.ಮೀ. ಚೇಂಫರ್ ಕೊಡಿ.